ಮೆಗ್ನೀಶಿಯಂನಿಂದ ಬೇರಿಯಂವರೆಗೆ: ಯಾವ ಉಪ್ಪು ಕಾಯಿಸಿದರೆ ಒಡೆಯುತ್ತದೆ, ಯಾವುದು ನೀರಲ್ಲಿ ಕರಗುತ್ತದೆ? ಬಾಯಿಪಾಠ ಬಿಟ್ಟು ಲೆಕ್ಕ ಹಾಕುವ ದಾರಿ

ಪಿಯುಸಿ ಓದಿದವರಿಗೆಲ್ಲ ಈ ಎರಡು ಸಾಲು ನೆನಪಿರುತ್ತವೆ. ಎರಡನೇ ಗುಂಪಿನಲ್ಲಿ ಕೆಳಗೆ ಹೋದಂತೆ ಕಾರ್ಬೊನೇಟು, ಸಲ್ಫೇಟುಗಳು ಬಿಸಿಗೆ ಹೆಚ್ಚು ಗಟ್ಟಿಯಾಗುತ್ತವೆ. ಕೆಳಗೆ ಹೋದಂತೆ ಅವು ನೀರಿನಲ್ಲಿ ಕಡಿಮೆ ಕರಗುತ್ತವೆ. ಸಾಲು ನೆನಪಿದ್ದರೂ ಪರೀಕ್ಷೆಯಲ್ಲಿ ಕಾರಣ ಬರೆಯುವಾಗ ತಲೆ ಗಿರ್ ಅನ್ನುತ್ತದೆ. ಮೆಗ್ನೀಶಿಯಂ ಕಾರ್ಬೊನೇಟಿನ ಲ್ಯಾಟಿಸ್ ಎನರ್ಜಿಯೇ ಜಾಸ್ತಿ ಅಲ್ವಾ, ಹಾಗಾದರೆ ಅದೇ ಗಟ್ಟಿಯಾಗಿರಬೇಕಲ್ಲ? ಪ್ರತಿ ವರ್ಷ ಯಾರಾದರೂ ಈ ಪ್ರಶ್ನೆ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದರ ಉತ್ತರ ಸಿಕ್ಕರೆ ಎರಡೂ ಸಾಲು ತಾವಾಗಿಯೇ ಬರುತ್ತವೆ.

ಈ ಬರಹದುದ್ದಕ್ಕೂ ಹಿಡಿದುಕೊಳ್ಳಬೇಕಾದ ಎಳೆ ಒಂದೇ. ಬಾಣದ ಎಡಗಡೆ ಏನಿದೆ, ಬಲಗಡೆ ಏನಿದೆ ಎಂದು ಬರೆದುಕೊಳ್ಳಿ. ಲೋಹದ ಅಯಾನು ದೊಡ್ಡದಾದಾಗ ಯಾವ ಕಡೆಗೆ ಜಾಸ್ತಿ ಪೆಟ್ಟು ಬೀಳುತ್ತದೆ ಎಂದು ನೋಡಿ. ಒಂದೇ ಕಡೆ ನೋಡಿದವರು ಎಡವುತ್ತಾರೆ.

ಮೊದಲು ಅಳತೆ

ಬೇಕಾಗಿರುವುದು ನಾಲ್ಕು ಅಯಾನುಗಳ ತ್ರಿಜ್ಯ. ಮೆಗ್ನೀಶಿಯಂ 72 ಪಿಕೋಮೀಟರ್, ಕ್ಯಾಲ್ಸಿಯಂ 100, ಸ್ಟ್ರಾನ್ಷಿಯಂ 118, ಬೇರಿಯಂ 135. ಎಲ್ಲದರ ಮೇಲೂ ಚಾರ್ಜು +2. ಅಂದರೆ ಇವುಗಳ ನಡುವೆ ನಮಗೆ ಮುಖ್ಯವಾದ ವ್ಯತ್ಯಾಸ ಗಾತ್ರ.

ಬೆರಿಲಿಯಂ ಇದೇ ಗುಂಪಿನದಾದರೂ ಅದನ್ನು ಪಕ್ಕಕ್ಕಿಡೋಣ. ಅದು ಎಷ್ಟು ಚಿಕ್ಕದೆಂದರೆ ಅದರ ಕಾರ್ಬೊನೇಟನ್ನು ಒಡೆಯದಂತೆ ಇಡಬೇಕಾದರೆ ಕಾರ್ಬನ್ ಡೈಆಕ್ಸೈಡ್ ತುಂಬಿದ ಪಾತ್ರೆಯೇ ಬೇಕು.

ಎದುರು ಕಡೆಯ ಅಯಾನುಗಳಲ್ಲಿ ಆಕ್ಸೈಡ್ ಸುಮಾರು 140 ಪಿಕೋಮೀಟರ್. ಕಾರ್ಬೊನೇಟ್ ಸುಮಾರು 178. ಸಲ್ಫೇಟ್ ಅದಕ್ಕಿಂತಲೂ ದೊಡ್ಡದು. ಕಾರ್ಬೊನೇಟ್ ನಿಜವಾಗಿ ಗುಂಡಗಿಲ್ಲ, ಚಪ್ಪಟೆ ತ್ರಿಕೋನ. ಗುಂಡಗಿದೆ ಎಂದು ಸುಮ್ನೆ ಒಪ್ಪಿಕೊಂಡು ಮುಂದೆ ಹೋಗುತ್ತಿದ್ದೇವೆ. ಈ ಒಪ್ಪಂದ ಒಂದು ಕಡೆ ಕೈಕೊಡುತ್ತದೆ, ಅಲ್ಲಿಗೆ ಬಂದಾಗ ಹೇಳುತ್ತೇನೆ.

ಕಾಯಿಸಿದಾಗ ಏನಾಗುತ್ತದೆ

ಕ್ರಿಯೆ ಬರೆದುಕೊಳ್ಳಿ:

MCO₃ → MO + CO₂

ಎಡಗಡೆ ಒಂದು ಹರಳು, ಬಲಗಡೆ ಇನ್ನೊಂದು ಹರಳು, ಜೊತೆಗೆ ಹಾರಿಹೋಗುವ ಗ್ಯಾಸು. ಕಾರ್ಬೊನೇಟ್ ಅಯಾನು ಒಡೆದು ಆಕ್ಸೈಡ್ ಅಯಾನು ಆಗಲು ತಗಲುವ ಖರ್ಚು ನಾಲ್ಕೂ ಲೋಹಕ್ಕೆ ಒಂದೇ. ಆ ಖರ್ಚಿನಲ್ಲಿ ಒಂದಷ್ಟನ್ನು ವಾಪಸು ಕೊಡುವುದು ಹೊಸ ಆಕ್ಸೈಡ್ ಹರಳಿನ ಬಿಗಿತ. ದೊಡ್ಡ ಕಾರ್ಬೊನೇಟಿನ ಜಾಗಕ್ಕೆ ಚಿಕ್ಕ ಆಕ್ಸೈಡ್ ಬಂದಾಗ ಲೋಹದ ಅಯಾನು ಅದಕ್ಕೆ ಇನ್ನೂ ಹತ್ತಿರ ಬರುತ್ತದೆ, ಹರಳು ಬಿಗಿಯಾಗುತ್ತದೆ. ಎಷ್ಟು ಬಿಗಿಯಾಗುತ್ತದೆ ಎನ್ನುವುದರಲ್ಲೇ ನಮ್ಮ ಉತ್ತರ ಇದೆ.

ಲ್ಯಾಟಿಸ್ ಎನರ್ಜಿ ಹೆಚ್ಚು ಕಡಿಮೆ ಅಯಾನುಗಳ ನಡುವಿನ ದೂರಕ್ಕೆ ವಿಲೋಮವಾಗಿರುತ್ತದೆ. ಆದ್ದರಿಂದ ಕಷ್ಟದ ಸೂತ್ರ ಬೇಡ. 1000 ಅನ್ನು ದೂರದಿಂದ ಭಾಗಿಸಿ, ಸಾಕು.

ಮೆಗ್ನೀಶಿಯಂ ಕಾರ್ಬೊನೇಟಿನಲ್ಲಿ ದೂರ 72 + 178 = 250. ಅಂಕ 4.00. ಆಕ್ಸೈಡಿನಲ್ಲಿ ದೂರ 72 + 140 = 212. ಅಂಕ 4.72. ಅಂದರೆ ಒಡೆದರೆ ಸಿಗುವ ಲಾಭ 0.72.

ಈಗ ಬೇರಿಯಂ. ಕಾರ್ಬೊನೇಟಿನಲ್ಲಿ ದೂರ 135 + 178 = 313, ಅಂಕ 3.19. ಆಕ್ಸೈಡಿನಲ್ಲಿ 275, ಅಂಕ 3.64. ಲಾಭ 0.45 ಕೂಡ ದಾಟುವುದಿಲ್ಲ.

ನೋಡಿ, ಮೆಗ್ನೀಶಿಯಂ ಕಾರ್ಬೊನೇಟಿನ ಅಂಕ ಬೇರಿಯಂ ಕಾರ್ಬೊನೇಟಿಗಿಂತ ಜಾಸ್ತಿಯೇ ಇದೆ. ಪ್ರಶ್ನೆ ಕೇಳಿದ ಹುಡುಗ ಅಲ್ಲಿಯವರೆಗೆ ಸರಿ. ಆದರೆ ಮೆಗ್ನೀಶಿಯಂಗೆ ಒಡೆದು ಆಕ್ಸೈಡ್ ಆಗುವುದರಲ್ಲಿ ಸಿಗುವ ಲಾಭ ಇನ್ನೂ ಜಾಸ್ತಿ. ಅದಕ್ಕೇ ಅದು ಬೇಗ ಒಡೆಯುತ್ತದೆ. ಬೇರಿಯಂ ಮೊದಲೇ ದೊಡ್ಡದು. ಎದುರಿಗೆ ಕಾರ್ಬೊನೇಟ್ ಇದ್ದರೇನು, ಆಕ್ಸೈಡ್ ಇದ್ದರೇನು, ಅದಕ್ಕೆ ಅಷ್ಟೇನೂ ಫರಕು ಬೀಳುವುದಿಲ್ಲ. ಕ್ಯಾಲ್ಸಿಯಂ, ಸ್ಟ್ರಾನ್ಷಿಯಂಗೆ ನೀವೇ ಲೆಕ್ಕ ಮಾಡಿ ನೋಡಿ. ನಡುವೆ ಸಾಲಾಗಿ ಕೂರುತ್ತವೆ.

ಇದನ್ನೇ ಇನ್ನೊಂದು ರೀತಿಯಲ್ಲೂ ಹೇಳುತ್ತಾರೆ. ಚಿಕ್ಕ ಅಯಾನು ಕಾರ್ಬೊನೇಟಿನ ಎಲೆಕ್ಟ್ರಾನ್ ಮೋಡವನ್ನು ತನ್ನತ್ತ ಎಳೆದು ಒಂದು ಬಾಂಡನ್ನು ಸಡಿಲ ಮಾಡುತ್ತದೆ, ಅದಕ್ಕೇ ಒಡೆಯುತ್ತದೆ ಎನ್ನುತ್ತಾರೆ. ಪೋಲರೈಸೇಷನ್ ವಿವರಣೆ ಅಂದರೆ ಇದೇ. ಪರೀಕ್ಷೆಗೆ ಎರಡರಲ್ಲಿ ಯಾವುದು ಬರೆದರೂ ನಡೆಯುತ್ತದೆ. ನನಗೆ ಲ್ಯಾಟಿಸ್ ಲೆಕ್ಕವೇ ಇಷ್ಟ, ಯಾಕೆಂದರೆ ಅದರಲ್ಲಿ ಅಂಕಿ ಬರುತ್ತದೆ.

ಎಷ್ಟು ಡಿಗ್ರಿ?

ಕ್ರಮ ಗೊತ್ತಾಯಿತು. ಈಗ ತಾಪಮಾನ. ಕ್ಯಾಲ್ಸಿಯಂ ಕಾರ್ಬೊನೇಟನ್ನು ಪೂರ್ತಿ ಬಿಡಿಸೋಣ. ಒಂದು ಮೋಲ್ ಒಡೆಯಲು ಬೇಕಾದ ಎಂಥಾಲ್ಪಿ 178 ಕಿಲೋಜೌಲ್. ಗ್ಯಾಸು ಹುಟ್ಟುವುದರಿಂದ ಎಂಟ್ರೊಪಿ ಏರುತ್ತದೆ, ಅದು ಪ್ರತಿ ಕೆಲ್ವಿನ್‌ಗೆ ಸುಮಾರು 160 ಜೌಲ್. ಎರಡೂ ಸಮ ತೂಗುವ ತಾಪಮಾನ ಬೇಕು:

T = ΔH ÷ ΔS = 178000 ÷ 160 ≈ 1112 K

ಅಂದರೆ ಸುಮಾರು 840 ಡಿಗ್ರಿ ಸೆಲ್ಸಿಯಸ್. ಉತ್ತರ 1.1 ಕೆಲ್ವಿನ್ ಬಂದರೆ ಕಿಲೋಜೌಲನ್ನು ಜೌಲ್ ಮಾಡಲು ಮರೆತಿದ್ದೀರಿ ಎಂದರ್ಥ. ತರಗತಿಯಲ್ಲಿ ಅರ್ಧ ಜನಕ್ಕೆ ಮೊದಲ ಸಲ ಹಾಗೇ ಬರುತ್ತದೆ.

ಇದೇ ರೀತಿ ಮೆಗ್ನೀಶಿಯಂಗೆ 101 ಕಿಲೋಜೌಲ್, 175 ಜೌಲ್ ಹಾಕಿದರೆ ಸುಮಾರು 300 ಡಿಗ್ರಿ. ಬೇರಿಯಂಗೆ 269 ಮತ್ತು 172 ಹಾಕಿದರೆ 1290 ಡಿಗ್ರಿ ಹತ್ತಿರ. ಎಂಟ್ರೊಪಿ ಎಲ್ಲದಕ್ಕೂ ಹೆಚ್ಚು ಕಡಿಮೆ ಒಂದೇ ಎನ್ನುವುದನ್ನು ಗಮನಿಸಿ. ಎಲ್ಲದರಲ್ಲೂ ಹುಟ್ಟುವುದು ಒಂದೇ ಗ್ಯಾಸು ತಾನೆ? ತಾಪಮಾನವನ್ನು ಮೇಲೆ ಕೆಳಗೆ ಮಾಡುತ್ತಿರುವುದು ಎಂಥಾಲ್ಪಿ, ಅಂದರೆ ಮೇಲೆ ನೋಡಿದ ಬಿಗಿತದ ಲಾಭ.

ಈಗ ಪುಸ್ತಕ ತೆಗೆದರೆ ಬೇರೆ ಅಂಕಿ ಕಾಣುತ್ತವೆ. ಸಾಮಾನ್ಯವಾಗಿ ಮೆಗ್ನೀಶಿಯಂಗೆ 540, ಕ್ಯಾಲ್ಸಿಯಂಗೆ 900, ಸ್ಟ್ರಾನ್ಷಿಯಂಗೆ 1290, ಬೇರಿಯಂಗೆ 1360 ಎಂದಿರುತ್ತದೆ. ಯಾವುದು ಸರಿ ಎಂದು ಗಾಬರಿ ಬೇಡ. ನಮ್ಮ ಲೆಕ್ಕದಲ್ಲಿ 25 ಡಿಗ್ರಿಯ ಎಂಥಾಲ್ಪಿಯನ್ನೇ ಸಾವಿರ ಡಿಗ್ರಿಗೂ ಬಳಸಿದ್ದೇವೆ, ಆದ್ದರಿಂದ ಸ್ವಲ್ಪ ತಪ್ಪುತ್ತದೆ. ಮೆಗ್ನೀಶಿಯಂನಲ್ಲಿ ಅಂತರ ದೊಡ್ಡದಾಗಲು ಇನ್ನೊಂದು ಕಾರಣವಿದೆ. 300 ಡಿಗ್ರಿಯಲ್ಲಿ ಒಡೆಯಬಹುದು ಎನ್ನುವುದು ಬೇರೆ, ಕಣ್ಣಿಗೆ ಕಾಣುವ ವೇಗದಲ್ಲಿ ಒಡೆಯುವುದು ಬೇರೆ. ಆ ವೇಗ ಬರುವುದು ಇನ್ನೂ ಮೇಲೆ.

900 ಎನ್ನುವ ಅಂಕಿಗೂ ಒಂದು ಷರತ್ತಿದೆ. ಸುತ್ತಲೂ ಕಾರ್ಬನ್ ಡೈಆಕ್ಸೈಡ್ ಒಂದು ಅಟ್ಮಾಸ್ಫಿಯರ್ ಒತ್ತಡದಲ್ಲಿ ತುಂಬಿದ್ದಾಗಿನ ಅಂಕಿ ಅದು. ಹುಟ್ಟಿದ ಗ್ಯಾಸನ್ನು ಗಾಳಿ ಹೊತ್ತೊಯ್ಯುತ್ತಿದ್ದರೆ ಅದಕ್ಕಿಂತ ಎಷ್ಟೋ ಕೆಳಗೇ, 700 ಡಿಗ್ರಿಯ ಆಸುಪಾಸಿನಲ್ಲೇ, ಕಲ್ಲು ನಿಧಾನವಾಗಿ ಬೇಯಲು ಶುರುವಾಗುತ್ತದೆ. ಸುಣ್ಣದ ಭಟ್ಟಿಯಲ್ಲಿ ಕೆಳಗಿನಿಂದ ಗಾಳಿ ಆಡುವಂತೆ ಬಿಡುವುದು ಬರೀ ಉರಿಗಾಗಿ ಅಲ್ಲ, ಈ ಗ್ಯಾಸನ್ನು ತಳ್ಳಿ ಕಳಿಸುವುದಕ್ಕೂ ಹೌದು. ಬಾಗಲಕೋಟೆ ಕಡೆಯ ಸುಣ್ಣದಕಲ್ಲಿಗೂ ಕರಾವಳಿಯ ಚಿಪ್ಪಿಗೂ ನಿಯಮ ಒಂದೇ. ಕಲ್ಲಿನ ನಡುವೆ ಬೇಯದ ತಿರುಳು ಉಳಿದಿದೆಯೋ ಎಂದು ನೋಡಬೇಕಾದರೆ ಕಲ್ಲನ್ನು ಒಡೆದು, ನೀರಿಗೆ ಹಾಕಿ ಅರಳಿಸಿ, ಅರಳದೆ ಉಳಿದ ಗಟ್ಟಿಯ ಮೇಲೆ ಆಮ್ಲ ಬಿಡಿ. ನೊರೆ ಎದ್ದರೆ ಅಲ್ಲಿ ಇನ್ನೂ ಕಾರ್ಬೊನೇಟ್ ಇದೆ.

ಲ್ಯಾಬಿನಲ್ಲಿ ಕಾಯಿಸಿ ನೋಡುವುದು

ಗಟ್ಟಿ ಗಾಜಿನ ಮೂರು ಒಣ ಟೆಸ್ಟ್‌ಟ್ಯೂಬಿನಲ್ಲಿ ಮೆಗ್ನೀಶಿಯಂ, ಕ್ಯಾಲ್ಸಿಯಂ, ಬೇರಿಯಂ ಕಾರ್ಬೊನೇಟ್ ತಲಾ ಒಂದೆರಡು ಗ್ರಾಂ ಹಾಕಿ. ಬಾಯಿಗೆ ಬಾಗಿದ ನಳಿಕೆ ಜೋಡಿಸಿ, ಅದರ ತುದಿ ಸುಣ್ಣದ ತಿಳಿನೀರಿನಲ್ಲಿ ಮುಳುಗಿರಲಿ. ಒಂದೇ ಬರ್ನರ್, ಅದೇ ನೀಲಿ ಉರಿ, ಅದೇ ದೂರದಲ್ಲಿಟ್ಟು ಒಂದೊಂದಾಗಿ ಕಾಯಿಸಿ, ತಿಳಿನೀರು ಹಾಲಿನಂತಾಗಲು ಎಷ್ಟು ಹೊತ್ತು ಬೇಕು ಎಂದು ಬರೆದುಕೊಳ್ಳಿ.

ಮೆಗ್ನೀಶಿಯಂ ಬೇಗ ಗ್ಯಾಸು ಬಿಡುತ್ತದೆ. ಕ್ಯಾಲ್ಸಿಯಂ ತುಂಬ ಹೊತ್ತು ಸತಾಯಿಸುತ್ತದೆ. ಬೇರಿಯಂ ಏನೂ ಮಾಡುವುದಿಲ್ಲ, ಬರ್ನರ್ ಅಲ್ಲಿಗೆ ಸಾಲದು. ಶುರುವಿನಲ್ಲಿ ಬರುವ ನಾಲ್ಕಾರು ಗುಳ್ಳೆ ಟ್ಯೂಬಿನೊಳಗಿನ ಗಾಳಿ ಹಿಗ್ಗಿದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉರಿ ತೆಗೆಯುವ ಮೊದಲು ನಳಿಕೆಯನ್ನು ನೀರಿನಿಂದ ಮೇಲೆತ್ತಲೇಬೇಕು. ನಾನು ಒಮ್ಮೆ ಮರೆತೆ. ತಣ್ಣೀರು ಹಿಂದಕ್ಕೆ ಎಳೆದುಕೊಂಡು ಕಾದ ಟ್ಯೂಬು ಚಟ್ ಎಂದು ಸೀಳಿತು. ಬೇರಿಯಂ ಕಾರ್ಬೊನೇಟ್ ವಿಷ, ಕೈಗೆ ಗ್ಲೌಸ್ ಇರಲಿ.

ಇನ್ನೆರಡು ಕಡೆ ಮೋಸ ಹೋಗಬಹುದು. ಬಾಟಲಿಯ ಮೇಲೆ ಮೆಗ್ನೀಶಿಯಂ ಕಾರ್ಬೊನೇಟ್ ಎಂದಿದ್ದರೂ ಒಳಗಿರುವ ಹಗುರ ಬಿಳಿ ಪುಡಿ ಸಾಮಾನ್ಯವಾಗಿ ಹೈಡ್ರಾಕ್ಸೈಡೂ ನೀರೂ ಸೇರಿದ ಬೇಸಿಕ್ ಕಾರ್ಬೊನೇಟ್. ಕಾಯಿಸಿದ ಕೂಡಲೇ ಟ್ಯೂಬಿನ ಮೇಲ್ಭಾಗದಲ್ಲಿ ನೀರಿನ ಹನಿ ಕಂಡರೆ ಅದೇ ಗುರುತು. ಟ್ಯೂಬಿನ ಬಾಯಿಯನ್ನು ಸ್ವಲ್ಪ ಕೆಳಕ್ಕೆ ವಾಲಿಸಿಡಿ, ಇಲ್ಲದಿದ್ದರೆ ಆ ಹನಿ ಕಾದ ತಳಕ್ಕೆ ಇಳಿದು ಗಾಜು ಬಿರಿಯುತ್ತದೆ. ಎರಡನೆಯದು ಸೀಮೆಸುಣ್ಣ. ಕ್ಯಾಲ್ಸಿಯಂ ಕಾರ್ಬೊನೇಟ್ ಎಂದುಕೊಂಡು ತರಗತಿಯ ಚಾಕ್ ಪೀಸ್ ಕುಟ್ಟಿ ಹಾಕುವವರಿದ್ದಾರೆ. ನಮ್ಮಲ್ಲಿ ಸಿಗುವ ಚಾಕ್ ಹೆಚ್ಚಾಗಿ ಜಿಪ್ಸಮ್, ಅಂದರೆ ಸಲ್ಫೇಟ್. ಎಷ್ಟು ಕಾಯಿಸಿದರೂ ತಿಳಿನೀರು ತಿಳಿಯಾಗಿಯೇ ಇರುತ್ತದೆ. ಒಂದು ಹನಿ ವಿನೆಗರ್ ಬಿಟ್ಟು ನೋಡಿ, ನೊರೆ ಬರದಿದ್ದರೆ ಅದು ಬೇಡ. ಮೊಟ್ಟೆಯ ಚಿಪ್ಪೋ ಮಾರ್ಬಲ್ ಚೂರೋ ತೆಗೆದುಕೊಳ್ಳಿ.

ಸಲ್ಫೇಟಿಗೂ ವಾದ ಇದೇ, ಹೊರಬರುವುದು ಸಲ್ಫರ್ ಟ್ರೈಆಕ್ಸೈಡ್. ಪುಸ್ತಕದ ಅಂಕಿಯಲ್ಲಿ ಮೆಗ್ನೀಶಿಯಂ ಸಲ್ಫೇಟ್ ಸುಮಾರು 900, ಕ್ಯಾಲ್ಸಿಯಂ 1150, ಸ್ಟ್ರಾನ್ಷಿಯಂ 1370 ಡಿಗ್ರಿ. ಒಂದೇ ಲೋಹದ ಕಾರ್ಬೊನೇಟಿಗಿಂತ ಸಲ್ಫೇಟ್ ಗಟ್ಟಿ ಎಂದು ನೆನಪಿಟ್ಟರೆ ಸಾಕು. ಬರ್ನರ್ ಉರಿಯಲ್ಲಿ ಇದನ್ನು ತೋರಿಸಲು ಹೋಗಬೇಡಿ.

ನೀರಿಗೆ ಹಾಕಿದಾಗ ಬಾಣದ ಬಲಗಡೆ ಬೇರೆ

ಈಗ ಬಲಗಡೆ ಆಕ್ಸೈಡ್ ಇಲ್ಲ. ಹರಳು ಬಿಚ್ಚಿ ಅಯಾನುಗಳು ನೀರಿಗೆ ಇಳಿಯುತ್ತವೆ. ಹರಳು ಬಿಚ್ಚಲು ಲ್ಯಾಟಿಸ್ ಎನರ್ಜಿ ಖರ್ಚು, ನೀರು ಅಯಾನನ್ನು ಸುತ್ತಿಕೊಂಡಾಗ ಹೈಡ್ರೇಷನ್ ಎನರ್ಜಿ ವಾಪಸು. ಕೆಳಗೆ ಹೋದಂತೆ ಎರಡೂ ಇಳಿಯುತ್ತವೆ. ಯಾವುದು ಜೋರಾಗಿ ಇಳಿಯುತ್ತದೆ ಎನ್ನುವುದೇ ಪ್ರಶ್ನೆ.

ಮೆಗ್ನೀಶಿಯಂ ಅಯಾನಿನ ಹೈಡ್ರೇಷನ್ ಎನರ್ಜಿ ಮೋಲಿಗೆ ಸುಮಾರು 1920 ಕಿಲೋಜೌಲ್, ಬೇರಿಯಂನದು 1305. ಇಳಿತ 600ಕ್ಕೂ ಮೇಲೆ. ಸಲ್ಫೇಟಿನ ಲ್ಯಾಟಿಸ್ ಎನರ್ಜಿ ಅದೇ ದಾರಿಯಲ್ಲಿ ಇಳಿಯುವುದು ಸುಮಾರು 450 ಮಾತ್ರ. ಕಾರಣ ಸಲ್ಫೇಟಿನ ಗಾತ್ರ. ಎದುರಿಗೆ ಅಷ್ಟು ದೊಡ್ಡ ಅಯಾನು ಕೂತಿರುವಾಗ ಲೋಹ ಸ್ವಲ್ಪ ಉಬ್ಬಿದರೂ ಒಟ್ಟು ದೂರ ಅಷ್ಟೇನೂ ಬದಲಾಗುವುದಿಲ್ಲ. ಹೀಗೆ ವಾಪಸು ಬರುವುದು ಬೇಗ ಕುಗ್ಗುತ್ತದೆ, ಖರ್ಚು ಮಾತ್ರ ಅಷ್ಟು ಕುಗ್ಗುವುದಿಲ್ಲ. ಬೇರಿಯಂ ಸಲ್ಫೇಟ್ ಹರಳಾಗಿಯೇ ಕೂತುಬಿಡುತ್ತದೆ.

ಅದೇ ಹೈಡ್ರಾಕ್ಸೈಡ್ ನೋಡಿ. ಹೈಡ್ರಾಕ್ಸೈಡ್ ಅಯಾನು ಚಿಕ್ಕದು, ಆದ್ದರಿಂದ ಲ್ಯಾಟಿಸ್ ಎನರ್ಜಿ ಸುಮಾರು 670 ಇಳಿದುಬಿಡುತ್ತದೆ. ಈ ಸಲ ಖರ್ಚೇ ಜಾಸ್ತಿ ಕುಗ್ಗಿತು. ಹಾಗಾಗಿ ಹೈಡ್ರಾಕ್ಸೈಡಿನ ಕರಗುವಿಕೆ ಕೆಳಗೆ ಹೋದಂತೆ ಏರುತ್ತದೆ. ಪರೀಕ್ಷೆಯಲ್ಲಿ ಎರಡನ್ನೂ ಅದಲುಬದಲು ಮಾಡುವವರು ಎದುರಿನ ಅಯಾನಿನ ಗಾತ್ರ ನೋಡುವುದನ್ನೇ ಮರೆತಿರುತ್ತಾರೆ.

ಎಷ್ಟು ಕರಗುತ್ತದೆ ಎಂಬ ಅಂದಾಜೂ ಇರಲಿ. 100 ಮಿಲಿಲೀಟರ್ ನೀರಿನಲ್ಲಿ ಮೆಗ್ನೀಶಿಯಂ ಸಲ್ಫೇಟ್ ಮೂವತ್ತು ಗ್ರಾಂ ದಾಟಿ ಕರಗುತ್ತದೆ. ಕ್ಯಾಲ್ಸಿಯಂ ಸಲ್ಫೇಟ್ ಸುಮಾರು 0.2 ಗ್ರಾಂ. ಬೇರಿಯಂ ಸಲ್ಫೇಟ್ ಒಂದು ಲೀಟರಿಗೇ ಎರಡೂವರೆ ಮಿಲಿಗ್ರಾಂ.

ಅಂದಾಜಿನ ಹನಿಯಲ್ಲ, ಲೆಕ್ಕ ಹಾಕಿದ ಪ್ರಯೋಗ

ಲ್ಯಾಬಿನಲ್ಲಿ ಸುಮ್ನೆ ಸಲ್ಫ್ಯೂರಿಕ್ ಆಮ್ಲ ಸುರಿದರೆ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂ ಮೂರೂ ಬೆಳ್ಳಗಾಗಬಹುದು, ಆಗ ಕ್ರಮ ಕಾಣುವುದಿಲ್ಲ. ದ್ರಾವಣ ಎಷ್ಟು ತೆಳುವಾಗಿರಬೇಕು ಎಂದು ಮೊದಲೇ ಲೆಕ್ಕ ಹಾಕೋಣ.

ನಾಲ್ಕು ಲೋಹಗಳ ಕ್ಲೋರೈಡು 0.01 ಮೋಲಾರ್, ಸೋಡಿಯಂ ಸಲ್ಫೇಟೂ 0.01 ಮೋಲಾರ್ ಮಾಡಿಟ್ಟುಕೊಳ್ಳಿ. ಎರಡೆರಡು ಮಿಲಿಲೀಟರ್ ಬೆರೆಸಿದರೆ ಎರಡೂ ಅರ್ಧಕ್ಕೆ ಇಳಿದು 0.005 ಆಗುತ್ತವೆ. ಬೆರೆಸಿದಾಗ ಅರ್ಧವಾಗುವುದನ್ನು ಮರೆಯಬೇಡಿ. ಗುಣಿಸಿದರೆ:

0.005 × 0.005 = 2.5 × 10⁻⁵

ಇದು ಆ ಉಪ್ಪಿನ Ksp ದಾಟಿದರೆ ಪ್ರೆಸಿಪಿಟೇಟ್ ಬೀಳಬೇಕು. ಜಿಪ್ಸಮ್‌ನ Ksp ಸುಮಾರು 3 × 10⁻⁵. ನಮ್ಮ ಗುಣಲಬ್ಧ ಅದರ ಒಂದಿಷ್ಟು ಕೆಳಗೇ ನಿಂತಿತು, ಆದ್ದರಿಂದ ಕ್ಯಾಲ್ಸಿಯಂ ಟ್ಯೂಬು ತಿಳಿ. ಮೆಗ್ನೀಶಿಯಂ ಅಂತೂ ತಿಳಿಯೇ. ಸ್ಟ್ರಾನ್ಷಿಯಂ ಸಲ್ಫೇಟಿನ Ksp 3.4 × 10⁻⁷, ನಾವು ಎಪ್ಪತ್ತು ಪಟ್ಟು ಮೇಲಿದ್ದೇವೆ. ಅಲ್ಲಿ ಮಬ್ಬು ಬರುತ್ತದೆ, ಆದರೆ ಸ್ವಲ್ಪ ತಡವಾಗಿ. ಟ್ಯೂಬಿನ ಒಳಗೋಡೆಯನ್ನು ಗಾಜಿನ ಕಡ್ಡಿಯಿಂದ ಕೆರೆದರೆ ಬೇಗ ಬರುತ್ತದೆ. ಬೇರಿಯಂನದು 1.1 × 10⁻¹⁰. ಅಲ್ಲಿ ಎರಡು ಲಕ್ಷ ಪಟ್ಟು ದಾಟಿದ್ದೇವೆ. ಹನಿ ಬಿದ್ದ ಕೂಡಲೇ ಹಾಲು.

ಕ್ಯಾಲ್ಸಿಯಂ ಟ್ಯೂಬು ಕೂಡ ಬೆಳ್ಳಗಾಯಿತೇ? ದ್ರಾವಣ ನೀವು ಅಂದುಕೊಂಡಿದ್ದಕ್ಕಿಂತ ಗಟ್ಟಿ ಇರಬೇಕು, ಇಲ್ಲವೇ ಹಿಂದಿನ ಟ್ಯೂಬಿನ ಡ್ರಾಪರನ್ನು ತೊಳೆಯದೆ ಹಾಕಿ ಬೇರಿಯಂ ಸೇರಿಸಿರುತ್ತೀರಿ. ಎರಡನೆಯದೇ ಹೆಚ್ಚು ಸಲ ಆಗುವುದು.

ಕಾರ್ಬೊನೇಟಿನಲ್ಲಿ ಸಾಲು ವಕ್ರವಾಗುತ್ತದೆ

ಕೆಳಗೆ ಹೋದಂತೆ ಕಾರ್ಬೊನೇಟಿನ ಕರಗುವಿಕೆ ಇಳಿಯುತ್ತದೆ ಎಂದು ಬರೆಯುತ್ತೇವೆ. ಈಗ ಅಂಕಿ ನೋಡಿ. ಮೆಗ್ನೀಶಿಯಂ ಕಾರ್ಬೊನೇಟಿನ Ksp ಸುಮಾರು 6.8 × 10⁻⁶. ಕ್ಯಾಲ್ಸಿಯಂ 3.4 × 10⁻⁹. ಸ್ಟ್ರಾನ್ಷಿಯಂ 5.6 × 10⁻¹⁰. ಬೇರಿಯಂ 2.6 × 10⁻⁹.

ಕೊನೆಯದು ಮತ್ತೆ ಏರಿಬಿಟ್ಟಿತು. ಟೈಪಿಂಗ್ ತಪ್ಪಲ್ಲ. ಮೆಗ್ನೀಶಿಯಂನಿಂದ ಕ್ಯಾಲ್ಸಿಯಂಗೆ ದೊಡ್ಡ ಜಿಗಿತ ಇದೆ, ಆಮೇಲಿನ ಮೂರೂ ಒಂದೇ ಮಟ್ಟದಲ್ಲಿ ಹೊಯ್ದಾಡುತ್ತವೆ. ಕಾರ್ಬೊನೇಟ್ ಗುಂಡಗಿದೆ ಎಂದು ಒಪ್ಪಿದ್ದು ಕೈಕೊಡುವುದು ಇಲ್ಲೇ. ಚಿಕ್ಕ ಲೋಹಗಳ ಕಾರ್ಬೊನೇಟು ಕ್ಯಾಲ್ಸೈಟ್ ಮಾದರಿಯಲ್ಲಿ ಜೋಡಣೆಯಾಗುತ್ತದೆ, ಸ್ಟ್ರಾನ್ಷಿಯಂ ಮತ್ತು ಬೇರಿಯಂನವು ಅರಗೊನೈಟ್ ಮಾದರಿಯಲ್ಲಿ. ಹರಳಿನ ಕಟ್ಟಡವೇ ಬದಲಾದಾಗ ಬರೀ ತ್ರಿಜ್ಯದ ಲೆಕ್ಕ ಇಷ್ಟು ಸಣ್ಣ ವ್ಯತ್ಯಾಸವನ್ನು ಹೇಳಲಾರದು. ಹಾಗಾಗಿ ಸಲ್ಫೇಟಿನ ಕ್ರಮವನ್ನು ಧೈರ್ಯವಾಗಿ ಹೇಳಿ. ಕಾರ್ಬೊನೇಟಿನಲ್ಲಿ ಒಟ್ಟಾರೆ ಇಳಿಯುತ್ತದೆ ಎಂದು ಹೇಳಿ ನಿಲ್ಲಿಸಿ.

ಸಾಲ್ಟ್ ಅನಾಲಿಸಿಸ್ ಮಾಡುವಾಗ ಇದರ ಬಿಸಿ ತಟ್ಟುತ್ತದೆ. ಅಮೋನಿಯಂ ಕಾರ್ಬೊನೇಟ್ ಹಾಕಿದರೆ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಮೂರೂ ಒಟ್ಟಿಗೆ ಐದನೇ ಗುಂಪಿನಲ್ಲಿ ಬೀಳುತ್ತವೆ, ಮೆಗ್ನೀಶಿಯಂ ಮಾತ್ರ ದ್ರಾವಣದಲ್ಲೇ ಉಳಿದು ಆರನೇ ಗುಂಪಿಗೆ ಹೋಗುತ್ತದೆ. ಜೊತೆಗೆ ಹಾಕುವ ಅಮೋನಿಯಂ ಕ್ಲೋರೈಡ್ ಕಾರ್ಬೊನೇಟ್ ಅಯಾನನ್ನು ಕಡಿಮೆ ಮಾಡಿ ಮೆಗ್ನೀಶಿಯಂ ಬೀಳದಂತೆ ತಡೆಯುತ್ತದೆ. ಆ ಮೂರನ್ನು ಕಾರ್ಬೊನೇಟಾಗಿ ಬೇರ್ಪಡಿಸಲು ಆಗುವುದಿಲ್ಲ. ಅದಕ್ಕೇ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಮೊದಲು ಪೊಟ್ಯಾಶಿಯಂ ಕ್ರೋಮೇಟಿನಿಂದ ಬೇರಿಯಂ, ಆಮೇಲೆ ಅಮೋನಿಯಂ ಸಲ್ಫೇಟಿನಿಂದ ಸ್ಟ್ರಾನ್ಷಿಯಂ, ಕೊನೆಗೆ ಅಮೋನಿಯಂ ಆಕ್ಸಲೇಟಿನಿಂದ ಕ್ಯಾಲ್ಸಿಯಂ ಹುಡುಕುತ್ತೇವೆ. ಆತುರದಲ್ಲಿ ಸಲ್ಫೇಟ್ ಮೊದಲು ಹಾಕಿದರೆ ಬೇರಿಯಂ ಕೂಡ ಬೆಳ್ಳಗೆ ಬಿದ್ದು, ನೀವು ಸ್ಟ್ರಾನ್ಷಿಯಂ ಎಂದು ಬರೆದು ಬರುತ್ತೀರಿ.

ನೀರಲ್ಲಿ ಕರಗದ್ದು ಆಮ್ಲದಲ್ಲಿ?

Ksp ಹೇಳುವುದು ಶುದ್ಧ ನೀರಿನ ಮಾತು. ಬೇರಿಯಂ ಕಾರ್ಬೊನೇಟೂ ಬೇರಿಯಂ ಸಲ್ಫೇಟೂ ನೀರಿನಲ್ಲಿ ಕರಗದ ಬಿಳಿ ಪುಡಿಗಳೇ. ಆದರೆ ಆಮ್ಲ ಬಿದ್ದರೆ ಕಾರ್ಬೊನೇಟ್ ಅಯಾನು ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ಬೇರಿಯಂ ನೀರಿಗೆ ಬಿಡುಗಡೆಯಾಗುತ್ತದೆ. ಸಲ್ಫೇಟ್ ಪ್ರಬಲ ಆಮ್ಲದಿಂದ ಬಂದ ಅಯಾನು, ಸಾರರಿಕ್ತ ಆಮ್ಲಕ್ಕೆ ಜಗ್ಗುವುದಿಲ್ಲ. ಸಲ್ಫೇಟ್ ಪರೀಕ್ಷೆಯಲ್ಲಿ ಬೇರಿಯಂ ಕ್ಲೋರೈಡಿನಿಂದ ಬಿದ್ದ ಬಿಳಿ ಪ್ರೆಸಿಪಿಟೇಟಿನ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನೋಡುವುದು ಇದಕ್ಕೇ. ನೊರೆ ಎದ್ದು ಕರಗಿದರೆ ಅದು ಕಾರ್ಬೊನೇಟ್.

ನಮ್ಮ ಹೊಟ್ಟೆಯಲ್ಲೂ ಇರುವುದು ಹೈಡ್ರೋಕ್ಲೋರಿಕ್ ಆಮ್ಲವೇ. ಹೊಟ್ಟೆಯ ಎಕ್ಸ್‌ರೇಗೆ ಮೊದಲು ಬೇರಿಯಂ ಮೀಲ್ ಎಂದು ಲೋಟದಷ್ಟು ಕುಡಿಸುವುದು ಬೇರಿಯಂ ಸಲ್ಫೇಟು. ಅದು ಕರಗದೆ ಒಳಗೆ ಸಾಗಿ ಹಾಗೇ ಹೊರಗೆ ಹೋಗುತ್ತದೆ. ಇಲಿಪಾಷಾಣವಾಗಿ ಬಳಸುತ್ತಿದ್ದದ್ದು ಬೇರಿಯಂ ಕಾರ್ಬೊನೇಟು. 2003ರಲ್ಲಿ ಬ್ರೆಜಿಲ್‌ನಲ್ಲಿ ಎಕ್ಸ್‌ರೇಗೆಂದು ಕೊಟ್ಟ ಬೇರಿಯಂ ಸಲ್ಫೇಟಿನಲ್ಲಿ ಕಾರ್ಬೊನೇಟ್ ಬೆರೆತಿತ್ತು. ಕುಡಿದವರಲ್ಲಿ ಹಲವರು ಸತ್ತರು. ಆ ಪುಡಿಯನ್ನು ನೀರಿನಲ್ಲಿ ಕದಡಿ ನೋಡಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಒಂದು ಚಿಟಿಕೆಯ ಮೇಲೆ ಆಮ್ಲದ ನಾಲ್ಕು ಹನಿ ಬಿಟ್ಟಿದ್ದರೆ ಗುಳ್ಳೆ ಎದ್ದಿರುತ್ತಿತ್ತು.